ಕರೆವ್ವನ ನಿದ್ದೆಗಳು

ರೊಟ್ಟಿ ತಟ್ಟುವಾಗ ಕೈಗೆ ಬಿಡುವಿರುವುದಿಲ್ಲ, ಕಿವಿಗೆ ಮಾತ್ರ ಇರುತ್ತದೆ. ರಾಜಶ್ರೀ ಆ ಬಿಡುವನ್ನೂ ದುಡಿಮೆಗೆ ಹಚ್ಚಿದ್ದಳು. ಹಿಟ್ಟು ನಾದುತ್ತ, ತಟ್ಟುತ್ತ, ಹಂಚಿನ ಮೇಲೆ ಹಾಕಿ ನೀರು ಸವರುತ್ತ, ಮೊಬೈಲಿನ ವೈರನ್ನು ಸೆರಗಿನ ಒಳಗಿಂದ ಕಿವಿಗೆ ತಂದುಕೊಂಡು ಯಾರದೋ ಬದುಕನ್ನು ಕೇಳುತ್ತಿದ್ದಳು.

ಸವಣೂರಿನಲ್ಲಿ ಇನಾಯತನ ಟೈಪಿಂಗ್ ಅಂಗಡಿಯಿಂದ ಬಂದ ಕೆಲಸ ಅದು. ವಿದ್ಯಾ ಎಂಬ ಹುಡುಗಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವ ಹದಿನೈದು ಹೆಂಗಸರ ಬಾಯಿಂದ ಅವರವರ ಜೀವನದ ಕತೆ ಕೇಳಿ ರೆಕಾರ್ಡ್ ಮಾಡಿಕೊಂಡಿದ್ದಳು. ಅದನ್ನು ಅಕ್ಷರಕ್ಕೆ ಇಳಿಸಬೇಕು. ಮೊದಲು ಪೇಟೆಯ ಒಬ್ಬ ಟೈಪಿಸ್ಟನಿಗೆ ಕೊಟ್ಟಿದ್ದಳಂತೆ. ಅವನು 'ಹೊಂಟಿದ್ನಿರಿ' ಎಂದದ್ದನ್ನೆಲ್ಲ 'ಹೊರಟಿದ್ದೆನು' ಎಂದು ತಿದ್ದಿ, ಹೆಂಗಸರು ನಕ್ಕಲ್ಲಿ, ಸುಮ್ಮನಾದಲ್ಲಿ, ಮೂಗೊರೆಸಿಕೊಂಡಲ್ಲಿ ಒಂದೊಂದು ಚುಕ್ಕಿ ಇಟ್ಟು ಮುಂದೆ ಹೋಗಿದ್ದ. ಅದನ್ನು ಓದಿದರೆ ಹದಿನೈದೂ ಮಂದಿ ಒಬ್ಬನೇ ಹೆಡ್‌ಮಾಸ್ತರನ ಹಾಗೆ ಮಾತಾಡುತ್ತಿದ್ದರು. ಹಾಗಾಗಿ ಈ ಕಡೆಯ ಮಾತು ಗೊತ್ತಿರುವವರೇ ಬೇಕೆಂದು ವಿದ್ಯಾ ಹುಡುಕಿದಾಗ ಇನಾಯತ್ ರಾಜಶ್ರೀಯ ಹೆಸರು ಹೇಳಿದ್ದ. "ಹತ್ತಿಮತ್ತೂರಿನ ಸೊಸಿ, ಬಿ.ಎ. ಮಾಡ್ಯಾಳ್ರಿ, ಬೆರಳು ಓಡ್ತಾವ."

ವಿದ್ಯಾ ಹೇಳಿಕೊಟ್ಟಿದ್ದ ನಿಯಮಗಳು ಸರಳ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಬೇಕು. ನಕ್ಕರೆ ಕಂಸದೊಳಗೆ ನಕ್ಕರು ಎಂದು, ಸುಮ್ಮನಾದರೆ ಎಷ್ಟು ಹೊತ್ತು ಸುಮ್ಮನಾದರು ಎಂದು. ಮನುಷ್ಯರ, ಊರುಗಳ ಹೆಸರು ಬಂದಲ್ಲಿ ಗೆರೆ. ಪೆನ್‌ಡ್ರೈವಿನಿಂದ ಬೇರೆ ಎಲ್ಲಿಗೂ ಹಾಕಿಕೊಳ್ಳಬಾರದು. ಕೇಳಿದ್ದನ್ನು ಯಾರ ಮುಂದೆಯೂ ಆಡಬಾರದು. ಅದಕ್ಕೊಂದು ಕಾಗದದ ಮೇಲೆ ಸಹಿ. ಹೆಂಗಸರ ಹೆಸರೂ ವಿಳಾಸವೂ ಅವಳಿಗೆ ಕೊಟ್ಟಿರಲಿಲ್ಲ. ನಂಬರು, ಜೊತೆಗೆ ಅವರವರೇ ಆರಿಸಿಕೊಂಡ ಒಂದು ಸುಳ್ಳು ಹೆಸರು, ಅಷ್ಟೇ.

ಒಂದು ತಾಸಿನ ಮಾತನ್ನು ಇಳಿಸಲು ಆರು ತಾಸು ಹಿಡಿಯುತ್ತಿತ್ತು. ಆರು ತಾಸು ಎಲ್ಲಿಂದ ತರುವುದು? ನೀರು, ಕಸ, ಮಗಳ ಜಡೆ, ಎರಡು ಹೊತ್ತಿನ ರೊಟ್ಟಿ, ಗಂಡ ಹಾಲೇಶನ ಜೆಸಿಬಿಯ ಎಣ್ಣೆ ಮೆತ್ತಿದ ಬಟ್ಟೆ. ಮೊದಲೊಮ್ಮೆ ಪೂರ್ತಿ ಕೇಳಿಕೊಂಡರೆ ಟೈಪು ಮಾಡುವಾಗ ಅರ್ಧ ಹೊತ್ತು ಉಳಿಯುತ್ತಿತ್ತು. ಅದಕ್ಕೇ ರಾಜಶ್ರೀ ಒಂದು ನಿಯಮ ಮುರಿದಿದ್ದಳು. ಫೈಲುಗಳನ್ನು ಮೊಬೈಲಿಗೆ ಹಾಕಿಕೊಂಡಿದ್ದಳು, ಒಲೆಯ ಮುಂದೆ ಕೇಳಲೆಂದು.

ಹನ್ನೊಂದನೆಯ ಫೈಲು. ವಿದ್ಯಾಳ ದನಿ ಮೊದಲು: "ನಿಮ್ಮ ಹೆಸರು ಪುಸ್ತಕದಾಗ ಬರೂದಿಲ್ರಿ. ಯಾವ ಹೆಸರು ಇಡೂಣು? ನೀವ ಹೇಳ್ರಿ."

ಒಂದು ಹೆಂಗಸಿನ ದನಿ ಹಿಂದುಮುಂದು ನೋಡದೆ ಹೇಳಿತು: "ಐಶ್ವರ್ಯ."

"ಐಶ್ವರ್ಯಾರೀ?"

"ಹೂನ್ರಿ ಅಕ್ಕಾರ. ಬಾಳೇದಾಗ ಅಂತೂ ಬರ್ಲಿಲ್ಲ, ಹೆಸರಿನಾಗರ ಬರ್ಲಿ." ದನಿ ನಕ್ಕಿತು. ದೊಡ್ಡ ನಗು, ಖಾಲಿ ಪಾತ್ರೆಯೊಳಗೆ ಕಾಳು ಸುರಿದ ಹಾಗೆ. ರಾಜಶ್ರೀಯೂ ರೊಟ್ಟಿಯ ಮೇಲೆ ಕೈ ನಿಲ್ಲಿಸಿ ನಕ್ಕಳು.

ಎದುರಿಗೆ ಗೋಡೆಗೆ ಆತು ಅತ್ತೆ ಕರೆವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಪಕ್ಕದ ಸಣ್ಣ ಊರಿನ ಶಾಲೆಯಲ್ಲಿ ಅಡುಗೆ ಮಾಡಿ ಬಂದು, ಮಧ್ಯಾಹ್ನ ಒಂದಿಷ್ಟು ಅಡ್ಡಾಗಿ ಎದ್ದವಳು. ಅವಳೂ ಬಿಸಿಯೂಟದವಳೇ. ಆದರೆ ನಾಲ್ಕು ತಾಲೂಕಿನಲ್ಲಿ ಅಂಥವರು ಎಷ್ಟು ಮಂದಿ! ಅದೂ ಅಲ್ಲದೆ ಕರೆವ್ವ ಮಾತಿನವಳೇ ಅಲ್ಲ. ದಿನಕ್ಕೆ ನಾಲ್ಕು ಮಾತು: ಉಪ್ಪು, ನೀರು, ಕೂಸು, ಸಾಕು. ಅವಳ ಮುಂದೆ ಯಾರಾದರೂ ಮೈಕು ಇಟ್ಟಾರು ಎಂಬುದು ಸೊಸೆಗೆ ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

"ನಿಮ್ಮ ಬದುಕಿನ ಕತಿ ನಿಮಗ ಹೆಂಗ ಬೇಕೋ ಹಂಗ ಹೇಳ್ರಿ," ಎನ್ನುತ್ತಿದ್ದಳು ವಿದ್ಯಾ. "ಎಲ್ಲಿಂದರ ಸುರು ಮಾಡ್ರಿ. ನಾ ನಡುವ ಬಾಯಿ ಹಾಕೂದಿಲ್ಲ."

ದೂರದಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು.

"ನಿದ್ದಿ ಹೇಳ್ಲೇನ್ರಿ?" ಎಂದಿತು ಹೆಂಗಸಿನ ದನಿ. "ಲಗ್ನಾ, ಮಕ್ಕಳು, ಸತ್ತವರು, ಇದು ಎಲ್ಲಾರಿಗೂ ಇದ್ದದ್ದ. ನಾ ಮಲಗಿದ್ದು ಭಾಳ ಕಡಿಮಿ, ಹಂಗಾಗಿ ಎಲ್ಲಾ ನಿದ್ದೀನೂ ನೆನಪದಾವ."

ಮೊದಲನೆಯ ನಿದ್ದೆ ರಟ್ಟೀಹಳ್ಳಿ ಕಡೆಯದು, ತವರಿನದು. ಅವಳಿಗೆ ಆಗ ಏಳೋ ಎಂಟೋ. ಅವ್ವ ಕೂಲಿಗೆ ಹೋದ ಮೇಲೆ ತಮ್ಮನ ತೊಟ್ಟಿಲು ತೂಗುವುದು ಇವಳ ಪಾಲು. ತೂಗುವ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ನೆಲದ ಮೇಲೆ ಮಲಗುತ್ತಿದ್ದಳು. ಕಾಲು ತನ್ನಷ್ಟಕ್ಕೆ ತೂಗುತ್ತಿತ್ತು, ಕಣ್ಣು ತನ್ನಷ್ಟಕ್ಕೆ ಮುಚ್ಚುತ್ತಿತ್ತು. "ನಿದ್ದ್ಯಾಗ ನನಗ ಹೆಂಗ ಅನ್ನಸ್ತಿತ್ತು ಅಂದ್ರ, ತೊಟ್ಲಾಗ ಇದ್ದಾಕಿ ನಾನ. ಯಾರೋ ದೊಡ್ಡವರು ದೂರ ಕುಂತು ನನ್ನ ತೂಗಾಕತ್ತಾರ. ಎಚ್ಚರಾದ್ರ ಅದು ನನ್ನ ಕಾಲ. ಅಲ್ಲೇನ್ ಮತ್ತ?"

ರಾಜಶ್ರೀಯ ಕೈಯಲ್ಲಿದ್ದ ರೊಟ್ಟಿ ಹರಿಯಿತು.

'ಅಲ್ಲೇನ್ ಮತ್ತ?' ಆ ಮಾತಿನ ಕೊನೆಗೆ ದನಿ ಮೇಲಕ್ಕೆ ಎದ್ದು ಅಲ್ಲೇ ನಿಂತುಬಿಡುವ ರೀತಿ ಈ ಲೋಕದಲ್ಲಿ ಒಬ್ಬಳಿಗೇ ಇತ್ತು. ಅವಳು ಎದುರಿಗೆ ಕುಳಿತು ಮೆಂತ್ಯದ ಬೇರು ಮುರಿಯುತ್ತಿದ್ದಳು. ಅವಳ ತುಟಿ ಮುಚ್ಚಿತ್ತು. ಅವಳ ದನಿ ಮಾತ್ರ ಸೊಸೆಯ ಕಿವಿಯಲ್ಲಿ ಬೆಚ್ಚಗೆ, ಎಡೆಬಿಡದೆ ಹರಿಯುತ್ತಿತ್ತು. ನಿದ್ದೆಯಲ್ಲಿರುವವಳ ಪಕ್ಕ ಕುಳಿತು ಅವಳ ಕನಸು ನೋಡಿದ ಹಾಗೆ.

"ರೊಟ್ಟಿ ಹೊತ್ತೀತು," ಎಂದಳು ಕರೆವ್ವ, ಸೊಪ್ಪಿನಿಂದ ತಲೆ ಎತ್ತದೆ.

ಆಗಲೇ ವೈರು ಕಿತ್ತಿಡಬೇಕಿತ್ತು. ರಾಜಶ್ರೀ ಕಿತ್ತಿಡಲಿಲ್ಲ. ಎಂಟು ವರ್ಷ ಒಂದೇ ಮನೆಯಲ್ಲಿದ್ದೂ ತನ್ನ ಮುಂದೆ ಹತ್ತು ಮಾತು ಆಡದವಳು ಇಲ್ಲಿ ಮಳೆಯ ಹಾಗೆ ಸುರಿಯುತ್ತಿದ್ದಳು. ಅದನ್ನು ಬಿಟ್ಟೇಳಲು ಅವಳಿಂದ ಆಗಲಿಲ್ಲ.

ಎರಡನೆಯ ನಿದ್ದೆ ಹತ್ತಿಯದು. ಮದುವೆಯಾಗಿ ಈ ಸೀಮೆಗೆ ಬಂದ ವರ್ಷ ದೊಡ್ಡವರೊಬ್ಬರ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿ. ಬಿಡಿಸಿದ ಹತ್ತಿಯನ್ನು ಒಂದು ಕೋಣೆಗೆ ಸುರಿಯುತ್ತಿದ್ದರು. ಉಡಿ ಖಾಲಿ ಮಾಡಲು ಹೋದವಳು ಒಂದು ಗಳಿಗೆ ಕೂತಳು. ಹತ್ತಿ ಅವಳನ್ನು ಒಳಗೆ ಎಳೆದುಕೊಂಡಿತು. ಮೇಲಿಂದ ಯಾರ್ಯಾರೋ ಉಡಿ ಸುರಿದರು, ಅವಳ ಮೇಲೆಯೇ. ಸದ್ದಿಲ್ಲ, ಭಾರವಿಲ್ಲ, ಕೆಳಗು ಮೇಲು ಇಲ್ಲ. "ಸಂಜೀಕ ನಮ್ಮ ಮನೀಯವ್ರು ಕೂಗಿಕೋಂತ ಬಂದ್ರು. ಕಣ್ಣು ತೆರದ್ರ ಎಲ್ಲಾ ಬೆಳ್ಳಗ. ಸತ್ತೇನಿ, ಮೋಡದಾಗ ಇದ್ದೇನಿ ಅಂತ ತಿಳಕೊಂಡೆ. ಖುಷಿ ಆತ್ರಿ. ಆಮ್ಯಾಲ ಅವ್ರ ಬೈಗಳಾ ಕೇಳಿಸ್ತು. ಸ್ವರ್ಗದಾಗ ನಮ್ಮ ಮನೀಯವ್ರು ಎಲ್ಲಿಂದ ಬಂದಾರು, ಇನ್ನೂ ಬದುಕೇನಿ ಅಂತ ಗೊತ್ತಾತು."

ಮೂರನೆಯದು ಹಾನಗಲ್ಲ ಕಡೆ ಭತ್ತದ ನಾಟಿಗೆ ಹೋದಾಗಿನದು. ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಕಟ್ಟಿಕೊಂಡು ಟೆಂಪೊ ಹತ್ತಿದವರು. ಮಧ್ಯಾಹ್ನದ ನೀರಿನಲ್ಲಿ ಮೋಡ ಬಿದ್ದಿತ್ತು. ಮೋಡದೊಳಗೆ ಸಸಿ ಊರುತ್ತ ಊರುತ್ತ ಬಾಗಿದಲ್ಲಿಯೇ ನಿದ್ದೆ ಹೋದಳು. ಕೈ ನಿಲ್ಲಲಿಲ್ಲ. ಎಚ್ಚರಾದಾಗ ಬದುವಿನ ತನಕ ಬಂದುಬಿಟ್ಟಿದ್ದಳು. ಹಿಂದೆ ತಿರುಗಿ ನೋಡಿದರೆ ಸಾಲು ನೆಟ್ಟಗಿತ್ತು. "ಎಚ್ಚರಿದ್ದವರ ಸಾಲು ಸೊಟ್ಟ ಇದ್ವರಿ. ನಂದು ಗೆರಿ ಕೊರದಂಗ."

ಗಂಡನಿಗೆ ಎದೆನೋವು ಬಂದು ಹುಬ್ಬಳ್ಳಿಗೆ ಅಲೆಯುತ್ತಿದ್ದಾಗ ಬಂಕಾಪುರದಲ್ಲಿ ಹತ್ತಿದ ಬಸ್ಸಿನದು ಇನ್ನೊಂದು. ಪಕ್ಕದಲ್ಲಿ ಬುರ್ಖಾ ಹಾಕಿದ ಹೆಣ್ಣುಮಗಳು, ಗುರುತಿಲ್ಲ ಪರಿಚಯವಿಲ್ಲ. ಅವಳ ಹೆಗಲಿಗೆ ತಲೆ ಹೋದದ್ದು ಗೊತ್ತಾಗಲಿಲ್ಲ. ಎಚ್ಚರಾದಾಗ ಆ ಹೆಣ್ಣುಮಗಳು ಹೇಳಿದಳಂತೆ: ತಾನು ಇಳಿಯಬೇಕಿದ್ದ ಶಿಗ್ಗಾಂವಿ ಹಿಂದೆಯೇ ಹೋಯಿತು, ನಿಮ್ಮನ್ನು ಎಬ್ಬಿಸಲು ಮನಸ್ಸಾಗಲಿಲ್ಲ. "ನಮ್ಮವ್ವನೂ ನನಗ ಅಷ್ಟು ನಿದ್ದಿ ಕೊಟ್ಟಿದ್ದಿಲ್ರಿ."

ಇಲ್ಲಿ ದನಿ ನಿಂತಿತು. ಹನ್ನೆರಡು ಸೆಕೆಂಡು. ರಾಜಶ್ರೀ ಅಭ್ಯಾಸಬಲದಿಂದ ಎಣಿಸಿದಳು.

"ಆಮ್ಯಾಲ ನನ್ನ ಸೊಸಿ ಬಂದ್ಲರಿ."

ರಾಜಶ್ರೀ ಹಂಚಿನ ಕೆಳಗಿನ ಬೆಂಕಿ ತಗ್ಗಿಸಿದಳು.

"ಆಕಿ ಬಂದ ವರ್ಸ ನಾ ಮೊದಲನೇ ಸಲ ಹಗಲ ಹಾಸಿಗಿ ಹಾಸಿ ಮಲಗಿದ್ದು. ಹಿತ್ತಲ ಬಾಗಲದಾಗ, ಚಾಪಿ ಮ್ಯಾಲ. ರೊಟ್ಟಿ ಆಕಿ ತಟ್ಟಾಕಿ, ನೀರು ಆಕಿ ತರಾಕಿ. ಶಾಲ್ಯಾಗ ಮೂರು ವರ್ಸ ನನ್ನ ಕೈಗೆ ಸೌಟು ಸೈತ ಕೊಟ್ಟಿದ್ದಿಲ್ಲ, ಬರೇ ಬೋಗೋಣಿ ತಿಕ್ಕಿಸಿದ್ರು. ತಿಕ್ಕಿ ತಿಕ್ಕಿ ಬಂದು ಬಿದ್ದಕೊಂಡ್ರ ಸೊಸಿ ಎಬ್ಬಸ್ತಿದ್ದಿಲ್ಲ. ಆವಾಗ ನನಗ ಕನಸು ಬೀಳಾಕ ಸುರು ಆದ್ವು. ಅದಕ್ಕಿಂತ ಮೊದಲ ಕನಸ ಇರ್ಲಿಲ್ರಿ. ಕನಸು ಬೀಳಾಕ ನಿದ್ದಿ ಉದ್ದ ಇರಬೇಕಲ್ಲ. ಅಲ್ಲೇನ್ ಮತ್ತ?"

ಕನಸಿನಲ್ಲಿ ಒಂದು ಕೆರೆ ಬರುತ್ತಿತ್ತಂತೆ. ಕೆರೆಯ ತುಂಬ ತೊಳೆದ ತಾಟುಗಳು ತೇಲುತ್ತಿದ್ದವು. ಒಂದನ್ನೂ ಒರೆಸಿಡುವ ಗರಜಿರಲಿಲ್ಲ.

"ಒಂದ ದಿನ ಫೋನು ಬಂತ್ರಿ. ಮನಿ ಫೋನು ನನ್ನ ಕಡೆ ಇರ್ತಿತ್ತು. ಸೊಸಿ ಅರಿವಿ ಒಗ್ಯಾಕ ಹೋಗಿದ್ಲು. ಸವಣೂರಿನ ಯಾವುದೋ ಆಫೀಸಿನವ್ರು. 'ನಿಮ್ಮ ಮನ್ಯಾಗಿನ ಹೆಣ್ಣಮಗಳು ಕಂಪ್ಯೂಟರ್ ಕೆಲಸಕ್ಕ ಅರ್ಜಿ ಹಾಕಿದ್ರು, ಸೋಮವಾರದಿಂದ ಬರಾಕ ಹೇಳ್ರಿ' ಅಂದ್ರು. ನಾ ಅಂದೆ, 'ಆಕಿ ತವರಿಗೆ ಹೋಗ್ಯಾಳ್ರಿ, ಇನ್ನ ಬರಂಗಿಲ್ಲ.' ಫೋನು ಇಟ್ಟೆ. ಚಾಪಿ ಮ್ಯಾಲ ಮಲಗಿದೆ. ನಿದ್ದಿ ಬಂತ್ರಿ. ಚೊಲೋ ನಿದ್ದಿ ಬಂತು."

ಕರೆವ್ವ ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ತುಂಬಿ, ಸೀರೆ ಜಾಡಿಸಿ ಎದ್ದಳು. ರಾಜಶ್ರೀ ಮೊಬೈಲಿನ ಸದ್ದು ಆರಿಸಿದಳು. ಇನ್ನೂ ನಲವತ್ತು ನಿಮಿಷ ಉಳಿದಿತ್ತು.

ಆ ನೌಕರಿಗಾಗಿ ಕಾದ ತಿಂಗಳು ಅವಳಿಗೆ ನೆನಪಿತ್ತು. ದಿನಾ ಬಂದು "ಫೋನ್ ಬಂದಿತ್ತೇನ್ರಿ ಅತ್ತಿ?" ಎಂದು ಕೇಳಿದ್ದು, "ಇಲ್ಲ" ಎಂಬ ಒಂದೇ ಮಾತು, ತನಗೇ ಯೋಗ್ಯತೆ ಇಲ್ಲವೆಂದು ಅರ್ಜಿಗಳ ಕಟ್ಟನ್ನು ಟ್ರಂಕಿನ ತಳಕ್ಕೆ ಹಾಕಿದ್ದು. ಏಳು ವರ್ಷ. ಅಷ್ಟೂ ವರ್ಷದ ರೊಟ್ಟಿಗಳು ಒಮ್ಮೆಲೇ ಅವಳ ಕಣ್ಣ ಮುಂದೆ ಪೇರಿಸಿಕೊಂಡು ನಿಂತವು.

ಬೈಯಲು ಬಾಯಿ ತೆರೆದಳು. ಆ ಕಾಗದ ನೆನಪಾಯಿತು. ಕೇಳಿದ್ದನ್ನು ಯಾರ ಮುಂದೆಯೂ ಆಡುವುದಿಲ್ಲ. ಹೇಳಿದವಳ ಮುಂದೆಯೂ ಆಡಬಾರದೇ? ಕಾಗದದಲ್ಲಿ ಅದು ಇರಲಿಲ್ಲ. ಪರಿಚಯದ ದನಿ ಬಂದರೆ ಏನು ಮಾಡಬೇಕು ಎಂಬುದೂ ಇರಲಿಲ್ಲ.

ಎರಡು ದಿನ ಅವಳು ಸುಮ್ಮನಿದ್ದಳು. ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಅತ್ತೆ ಮಲಗಿರುತ್ತಿದ್ದಳು, ಬಾಯಿ ಸ್ವಲ್ಪ ತೆರೆದು, ಒಂದು ಕೈ ಚಾಪೆಯಿಂದ ಆಚೆ ಬಿದ್ದು. ಪಾತ್ರೆಯೊಂದನ್ನು ಕೆಳಗೆ ಬಿಟ್ಟರೆ ಸಾಕು, ಎಚ್ಚರಾಗುತ್ತಿತ್ತು. ರಾಜಶ್ರೀ ಒಮ್ಮೆ ಪಾತ್ರೆ ಎತ್ತಿಯೂ ಎತ್ತಿದಳು. ಹಿಡಿದುಕೊಂಡೇ ನಿಂತಳು. ಆ ಮುಖದ ಮೇಲೆ ಏನೋ ಹಾದುಹೋಯಿತು. ಕೆರೆಯೋ ತಾಟೋ, ಅವಳಿಗೀಗ ಗೊತ್ತಿತ್ತು. ಗೊತ್ತಿರಬಾರದಿತ್ತು.

ಮೂರನೆಯ ದಿನ ವಿದ್ಯಾಳಿಗೆ ಫೋನು ಮಾಡಿದಳು.

"ಹನ್ನೊಂದನೇದು ನಮ್ಮತ್ತೀದ್ರಿ," ಎಂದಳು. "ಮತ್ತ ನಾ ಅದನ್ನ ಮೊಬೈಲಿಗೆ ಹಾಕ್ಕೊಂಡೇನಿ. ಅದೂ ನನ್ನ ತಪ್ಪು."

ವಿದ್ಯಾ ನಿಧಾನಕ್ಕೆ ಹೇಳಿದಳು, "ತಪ್ಪು ಮೊದಲು ನಂದರಿ. ಈ ಕಡೆ ಮಾತು ಬಲ್ಲವರು ಬೇಕು ಅಂತ ಹುಡುಕಿದೆ. ಈ ಕಡೆಯವರಿಗೆ ಈ ಕಡೇನ ಬೀಗರು, ಬಳಗ ಇರ್ತಾರ ಅನ್ನೂದು ತಲಿಗೆ ಬರ್ಲಿಲ್ಲ. ನಿಮಗ ಅವರ ಊರು ಗೊತ್ತಾಗಬಾರದು ಅಂತ ಮುಚ್ಚಿಟ್ಟೆ, ನಿಮ್ಮ ಮನ್ಯಾಗ ಯಾರ್ಯಾರು ಅದಾರ ಅಂತ ಮಾತ್ರ ಕೇಳಲಿಲ್ಲ."

"ಈಗ ಏನ್ ಮಾಡೂದ್ರಿ?"

"ಇನ್ನು ಮುಂದ ಕೇಳಬ್ಯಾಡ್ರಿ. ಮೊಬೈಲದಾಗಿಂದು ಅಳಿಸಿಬಿಡ್ರಿ, ಪೆನ್‌ಡ್ರೈವ್ ನಂಗ ಕೊಡ್ರಿ. ನಮ್ಮ ಗೈಡ್ ಸರ್‌ಗೂ, ಯುನಿವರ್ಸಿಟಿ ಕಮಿಟಿಗೂ ನಾ ಬರದು ತಿಳಸ್ತೇನಿ. ಅದಕ್ಕಿಂತ ಮೊದಲ ಅವರಿಗೆ ಹೇಳಬೇಕು. ಯಾರ ಕಿವಿಗೆ ಬಿತ್ತು ಅನ್ನೂದು ಅವರಿಗೆ ಗೊತ್ತಿರಬೇಕು. ಬ್ಯಾಡ ಅಂದ್ರ ಅವರದು ಪೂರ್ತಿ ತಗದು ಹಾಕ್ತೇನಿ."

"ಹೇಳಬ್ಯಾಡ್ರಿ," ಎಂದಳು ರಾಜಶ್ರೀ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಹೇಳಿದ್ರ ಆಕಿ ಈ ಮನ್ಯಾಗ ಮತ್ತ ಹೆಂಗ ಮಲಗ್ಯಾಳು?"

ಸಿಟ್ಟಿನ ಕೆಳಗೆ ಇದು ಇತ್ತೆಂದು ಅವಳಿಗೂ ಆಗಲೇ ತಿಳಿದದ್ದು. ಕಿತ್ತುಕೊಂಡವಳ ನಿದ್ದೆಯನ್ನು ಕಾಯುವ ಕೆಲಸವೂ ತನ್ನ ಪಾಲಿಗೇ ಬಂದಿದೆ. ಮನೆಗೆಲಸದ ಪಟ್ಟಿಯಲ್ಲಿ ಇದೊಂದು ಬಾಕಿ ಇತ್ತು.

ವಿದ್ಯಾ ಒಪ್ಪಲಿಲ್ಲ. "ಅವರಿಗೆ ಗೊತ್ತಿಲ್ಲದಂಗ ನಾವಿಬ್ಬರು ಅವರ ಕತಿ ಇಟ್ಟುಕೊಂಡು ಅಡ್ಡಾಡಿದ್ರ, ಅದು ಕದ್ದದ್ದರಿ."

ಮರುದಿನ ಮಕ್ಕಳ ಊಟ ಮುಗಿದ ಮೇಲೆ ವಿದ್ಯಾ ಶಾಲೆಗೆ ಬಂದಳು. ರಾಜಶ್ರೀಯನ್ನು ಹೊರಗೆ ನಳದ ಹತ್ತಿರ ನಿಲ್ಲಿಸಿ, ಅಡುಗೆ ಕೋಣೆಗೆ ತಾನೊಬ್ಬಳೇ ಹೋದಳು. ಬಿಸಿಲು ನಿದ್ದೆಗಣ್ಣಿನಲ್ಲಿತ್ತು. ನಳದಿಂದ ಒಂದೊಂದೇ ಹನಿ ಬೀಳುತ್ತಿತ್ತು. ತಾಟು ತೊಳೆದ ನೀರಿನಲ್ಲಿ ನಾಲ್ಕು ಅಗಳು ಅನ್ನ ದೋಣಿಗಳಂತೆ ಹೋಗುತ್ತಿದ್ದವು. ಒಳಗಿಂದ ಮಾತು ಕೇಳಿಸುತ್ತಿರಲಿಲ್ಲ, ಪಾತ್ರೆ ತಿಕ್ಕುವ ಸದ್ದು ಮಾತ್ರ. ಅದು ಒಮ್ಮೆ ನಿಂತಿತು. ಬಹಳ ಹೊತ್ತು ನಿಂತಿತು. ಮತ್ತೆ ಸುರುವಾಯಿತು, ಮೊದಲಿಗಿಂತ ಜೋರಾಗಿ.

ವಿದ್ಯಾ ಬಾಗಿಲಿಗೆ ಬಂದು ಕರೆದಳು. "ಬರಬೇಕಂತರಿ."

ಕರೆವ್ವ ದೊಡ್ಡ ಬೋಗೋಣಿಯೊಳಗೆ ಅರ್ಧ ಮೈ ಹಾಕಿ ತಿಕ್ಕುತ್ತಿದ್ದಳು. ಅದರೊಳಗಿಂದಲೇ ದನಿ ಬಂತು, ಗುಡಿಯೊಳಗಿಂದ ಬಂದಂತೆ.

"ಎಲ್ಲೀತನಕ ಕೇಳಿದಿ?"

ಹತ್ತಿಯ ತನಕ ಎನ್ನಬಹುದಿತ್ತು. ಭತ್ತದ ತನಕ, ಬಸ್ಸಿನ ತನಕ. ಹಾಗೆಂದರೆ ಇಬ್ಬರೂ ಮನೆಗೆ ಹೋಗಿ ಮೆಂತ್ಯದ ಪಲ್ಯ ಉಣ್ಣಬಹುದಿತ್ತು.

"ಫೋನಿನ ತನಕ," ಎಂದಳು ರಾಜಶ್ರೀ.

ತಿಕ್ಕುವ ಕೈ ನಿಲ್ಲಲಿಲ್ಲ. "ಯಾವಾಗ?"

"ನಾಕ ದಿನ ಆತು."

"ನಾಕ ದಿನ ಬೈಲಿಲ್ಲ ಯಾಕ?"

"ಯಾರ ಮುಂದೂ ಆಡಂಗಿಲ್ಲ ಅಂತ ಕಾಗದಕ್ಕ ಸೈ ಮಾಡೇನ್ರಿ."

ಕರೆವ್ವ ಬೋಗೋಣಿಯಿಂದ ತಲೆ ಹೊರಗೆ ತೆಗೆದಳು. ಹಣೆಯ ಮೇಲೆ ಮಸಿ ಹತ್ತಿತ್ತು. ಸೊಸೆಯನ್ನು ನೋಡಿದಳು, ವಿದ್ಯಾಳನ್ನು ನೋಡಿದಳು. "ಎಲಾ ಇವ್ನ! ಅಂಥಾ ಕಾಗದಾ ಲಗ್ನದಾಗನ ಸೈ ಮಾಡಿಸಿದ್ರ ಊರಾಗ ಜಗಳನ ಇರ್ತಿದ್ದಿಲ್ಲಲ್ರಿ ಅಕ್ಕಾರ," ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

"ನಿಮ್ಮ ಮಾತು ಕೇಳಿ ನಾ ಬರಕೊಂಡದ್ದು ಇಲ್ಲೈತ್ರಿ," ಎಂದಳು ವಿದ್ಯಾ, ಚೀಲದಿಂದ ಹಾಳೆ ತೆಗೆಯುತ್ತ. "ಓದಿ ಹೇಳಬೇಕು ಅಂತ ಮೊದಲಿನಿಂದಾನೂ ಇತ್ತು. ಇವತ್ತು ಬ್ಯಾಡಂದ್ರ ಬ್ಯಾಡ. ಎಲ್ಲಾ ಹರದು ಹಾಕ್ರಿ ಅಂದ್ರ ಈಗಿಂದೀಗ ಹರೀತೇನಿ."

"ಓದ್ರಿ."

"ರಾಜಶ್ರೀಯವರು ಇಲ್ಲೇ..."

"ಆಕಿ ಕೇಳ್ಯಾಳಲ್ರಿ. ನೀವು ಏನ್ ಕೇಳಿರಿ ಅಂತ ನಾ ಕೇಳಬೇಕು."

ಅಕ್ಕಿ ಚೀಲಕ್ಕೆ ಬೆನ್ನು ಕೊಟ್ಟು ಕರೆವ್ವ ಕಾಲು ಚಾಚಿದಳು. ವಿದ್ಯಾ ಓದತೊಡಗಿದಳು. ಐಶ್ವರ್ಯ ಹಿರೇಕೆರೂರು ಸೀಮೆಯ ಬಡ ಕುಟುಂಬದಲ್ಲಿ ಹುಟ್ಟಿದರು. ಹದಿನಾರಕ್ಕೆ ಮದುವೆಯಾಯಿತು. ಒಬ್ಬ ಮಗ ಹುಟ್ಟಿದ. ಗಂಡ ಕಾಯಿಲೆ ಬಿದ್ದರು, ತೀರಿಕೊಂಡರು. ಶಾಲೆಯ ಕೆಲಸ ಹಿಡಿದರು. ಇವುಗಳ ನಡುನಡುವೆ ಹತ್ತಿ, ಭತ್ತ, ಬಸ್ಸು ಒಂದೊಂದು ಸಾಲು ಬಂದು ಹೋದವು.

"ತಡೀರಿ," ಎಂದಳು ಕರೆವ್ವ. "ಲಗ್ನದ್ದು ನಾ ಎಲ್ಲೆ ಹೇಳಿದ್ನಿ?"

"ನಾ ಆಮೇಲೆ ಕೇಳಿದಾಗ ಹೇಳಿದ್ರಿ. ಓದಾವರಿಗೆ ತಿಳೀಲಿ ಅಂತ ವರ್ಷದ ಪ್ರಕಾರ ಜೋಡಿಸೇನ್ರಿ."

"ಹಂಗ ಜೋಡಿಸಿದ್ರ ಇದು ನಮ್ಮ ಮನೀಯವ್ರ ಕತಿ ಆತಲ್ರಿ. ಅವ್ರು ಬಂದ್ರು, ಅವ್ರು ಬಿದ್ರು, ಅವ್ರು ಹ್ವಾದ್ರು. ನಾ ಎಲ್ಲೆ ಮಲಗಿದೆ? ನಿದ್ದಿ ಅಂತ ಹೇಳೇನಿ, ನಿದ್ದಿ ಅಂತ ಬರೀರಿ."

ವಿದ್ಯಾ ಹಾಳೆಯ ಬದಿಗೆ ಗುರುತು ಹಾಕಿಕೊಂಡಳು. ಅವಳ ಕಿವಿ ಕೆಂಪಾಗಿತ್ತು. ಮುಂದೆ ಓದಿದಳು. ಫೋನಿನ ಭಾಗ ಬಂದಾಗ ದನಿ ತಗ್ಗಿತು. "ಸೊಸೆಗೆ ಬಂದ ಕೆಲಸವನ್ನು ಅಂದು ತಪ್ಪಿಸಿದ ಪಶ್ಚಾತ್ತಾಪ ಐಶ್ವರ್ಯ ಅವರನ್ನು ಇಂದಿಗೂ ಕಾಡುತ್ತಿದೆ."

"ಏನಂದ್ರಿ?"

"ಪಶ್ಚಾತ್ತಾಪ. ಅಂದ್ರ, ಮಾಡಬಾರದಿತ್ತು ಅಂತ ಮರುಗೂದು."

"ಅದನ್ನ ನಾ ಅಂದೇನೇನ್ರಿ?"

ವಿದ್ಯಾ ಹಾಳೆಯನ್ನು ಮತ್ತೊಮ್ಮೆ ನೋಡಿಕೊಂಡಳು.

"ಅಂದಿಲ್ಲ," ಎಂದಳು ರಾಜಶ್ರೀ. ಇಬ್ಬರೂ ಅವಳತ್ತ ತಿರುಗಿದರು. "ಚೊಲೋ ನಿದ್ದಿ ಬಂತು ಅಂತ ಅಂದಾರ. ನಾ ಕೇಳೇನಿ."

"ಹೂಂ," ಎಂದಳು ಕರೆವ್ವ. "ಚೊಲೋ ನಿದ್ದಿ ಬಂತು. ಅದ ಖರೆ. ಮರುಗಿದೆ ಅಂತ ಬರದ್ರ ಓದಾವರಿಗೆ ನಾ ಒಳ್ಳೆಯಾಕಿ ಆಗ್ತೇನಿ. ನನಗ ಬ್ಯಾಡ ಆ ಒಳ್ಳೇತನ. ಮರುಗೂದು ಇದ್ರ ಆಕಿ ಮುಂದ ಮರುಗ್ತಿದ್ದೆ, ನಿಮ್ಮ ಮಶೀನಿನ ಮುಂದ ಯಾಕ?"

ವಿದ್ಯಾ ಆ ಸಾಲನ್ನು ಹೊಡೆದು ಹಾಕಿದಳು. "ಹೆಂಗಸರು ಒಬ್ಬರಿಗೊಬ್ಬರು ಕೇಡು ಮಾಡ್ತಾರ ಅಂತ ಓದಾವರು ಅಂದಬಿಟ್ಟಾರು ಅಂತ ಅಂಜಿಕಿ ಆತ್ರಿ," ಎಂದಳು. "ಅದಕ್ಕ ಮೆತ್ತಗ ಮಾಡಿದೆ."

"ನೀವು ಮೆತ್ತಗ ಮಾಡಿದ್ರ ಆತೇನ್ರಿ, ಅದು ಗಟ್ಟಿ ಇದ್ದದ್ದ," ಎಂದಳು ಕರೆವ್ವ. ಆಮೇಲೆ, ಯಾರನ್ನೂ ನೋಡದೆ, "ಫೋನಿಂದು ಇರ್ಲೋ ಬ್ಯಾಡೋ ಆಕೀನ ಕೇಳ್ರಿ. ಬಾಯಿ ನಂದು ಖರೆ. ನೌಕರಿ ಆಕೀದು."

ವಿದ್ಯಾ ರಾಜಶ್ರೀಯ ಕಡೆ ನೋಡಿದಳು. ಅವಸರವೇನಿಲ್ಲ, ಒಂದು ವಾರ ವಿಚಾರ ಮಾಡಿರಿ ಎಂದಳು. ಇಟ್ಟರೂ ಊರು, ಆಫೀಸು, ಸಂಬಂಧ ಎಲ್ಲ ಬದಲಿಸಬಹುದು. ಆದರೆ ಹತ್ತಿಮತ್ತೂರಿನಲ್ಲಿ ಓದಿದವರಿಗೆ ಗುರುತು ಸಿಗುವುದಿಲ್ಲ ಎಂದು ನಾನು ಆಣೆ ಮಾಡಲಾರೆ. ತೆಗೆದರೆ, ಹೇಳಿದವರ ಮಾತಿನ ಮೇರೆಗೆ ಒಂದು ಭಾಗ ಕೈಬಿಟ್ಟಿದೆ ಎಂದಷ್ಟೇ ಬರೆಯುತ್ತೇನೆ, ಏನು ಎಂದು ಬರೆಯುವುದಿಲ್ಲ. ರೆಕಾರ್ಡಿನಲ್ಲಿಯೂ ಅಷ್ಟನ್ನು ಅಳಿಸುತ್ತೇನೆ.

ರಾಜಶ್ರೀ ಬಾಗಿಲಿಗೆ ಆತು ನಿಂತಿದ್ದಳು. ವಾರ ಬೇಕಾಗಲಿಲ್ಲ. ನಾಲ್ಕು ದಿನದಿಂದ ಒಳಗೆ ಕುದಿಯುತ್ತಿದ್ದದ್ದು ಈಗ ತಿಳಿಯಾಗಿ, ಅದರ ತಳ ಕಾಣುತ್ತಿತ್ತು. ತಳದಲ್ಲಿ ಅತ್ತೆಯಷ್ಟೇ ಇರಲಿಲ್ಲ. ಒಂದು ಮನೆ ಇತ್ತು. ಆ ಮನೆಯಲ್ಲಿ ಇಬ್ಬರು ಹೆಂಗಸರಿಗೆ ಸೇರಿ ಒಂದೇ ನಿದ್ದೆ ಇತ್ತು, ಒಬ್ಬಳು ಮಲಗಬೇಕಾದರೆ ಇನ್ನೊಬ್ಬಳು ಎದ್ದಿರಬೇಕು. ಮಾವ ಇದ್ದಷ್ಟು ದಿನ ಉಂಡ ಕೂಡಲೇ ಮಲಗುತ್ತಿದ್ದರಂತೆ. ಹಾಲೇಶ ಜೆಸಿಬಿಯಿಂದ ಇಳಿದ ಕೂಡಲೇ ಮಲಗುತ್ತಾನೆ. ಅವರ ನಿದ್ದೆ ಎಲ್ಲಿಂದ ಬಂತೆಂದು ಯಾವ ಮಶೀನೂ ಕೇಳಿರಲಿಲ್ಲ.

"ತಗೀರಿ," ಎಂದಳು.

"ಅತ್ತೀನ ಕಾಯಾಕೇನ?" ಎಂದಳು ಕರೆವ್ವ. ದನಿಯಲ್ಲಿ ಚುಚ್ಚೂ ಇತ್ತು, ಅಂಜಿಕೆಯೂ ಇತ್ತು.

"ನಿಮ್ಮನ್ನ ಕಾಯಾಕಲ್ರಿ. ನನ್ನ ಸಿಟ್ಟದು. ಅದನ್ನ ಪುಸ್ತಕಕ್ಕ ಯಾಕ ಕೊಡ್ಲಿ? ಅಲ್ಲೆ ಹೋದ್ರ ನಾಕ ಮಂದಿ ಓದಿ, 'ಪಾಪ' ಅಂದು ಮುಗಿಸಿಬಿಡ್ತಾರ. ನಾ ಇನ್ನೂ ಮುಗಿಸಿಲ್ಲ."

ಕರೆವ್ವ ಸೊಸೆಯನ್ನು ದಿಟ್ಟಿಸಿದಳು. ಎಂಟು ವರ್ಷದಲ್ಲಿ ಆ ಹುಡುಗಿ ಅವಳ ಮುಂದೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ವಿದ್ಯಾ ರೆಕಾರ್ಡು ಇದ್ದ ಲ್ಯಾಪ್‌ಟಾಪು ತೆರೆದು, ಫೋನಿನ ಭಾಗ ಎಲ್ಲಿ ಸುರುವಾಗಿ ಎಲ್ಲಿ ಮುಗಿಯುತ್ತದೆಂದು ಕರೆವ್ವನಿಗೆ ಕೇಳಿಸಿ, ಅವಳ ಎದುರೇ ಕತ್ತರಿಸಿದಳು. ರಾಜಶ್ರೀ ಪೆನ್‌ಡ್ರೈವ್ ಕೊಟ್ಟಳು, ಮೊಬೈಲಿನದನ್ನು ಆಗಲೇ ಅಳಿಸಿದ್ದಳು. ಉಳಿದದ್ದನ್ನು ತಾನೇ ಕೂತು ಟೈಪು ಮಾಡುವೆನೆಂದಳು. ಹೊಸ ಬರಹ ತಂದು ಮತ್ತೆ ಓದಿ ಹೇಳುವೆನೆಂದಳು. ಆಮೇಲೆ ಉಳಿದ ನಾಲ್ಕು ಫೈಲುಗಳನ್ನು ರಾಜಶ್ರೀಗೆ ಕೊಡುವ ಮೊದಲು, ತವರು, ಗಂಡನ ಮನೆ, ಚಿಗವ್ವ ದೊಡ್ಡವ್ವಂದಿರು ಯಾವ ಯಾವ ಊರಲ್ಲಿದ್ದಾರೆಂದು ಒಂದು ಹಾಳೆ ತುಂಬ ಕೇಳಿ ಬರೆದುಕೊಂಡಳು. ಅದು ಮುಗಿಯುವಷ್ಟರಲ್ಲಿ ಶಾಲೆ ಬಿಡುವ ಗಂಟೆಯೂ ಆಗಿತ್ತು.

ಅತ್ತೆ ಸೊಸೆ ಹೊಲದ ದಾರಿ ಹಿಡಿದರು. ಗೋವಿನಜೋಳ ಎದೆಮಟ್ಟ ಬಂದಿತ್ತು. ಗಾಳಿ ಬೀಸಿದಾಗ ಇಡೀ ಹೊಲ ಮಗ್ಗುಲು ಬದಲಿಸುತ್ತಿತ್ತು.

"ಆಮ್ಯಾಲ ನಲವತ್ತು ಮಿನಿಟು ಏನ್ ಹೇಳಿದ್ರಿ?" ಎಂದು ಕೇಳಿದಳು ರಾಜಶ್ರೀ.

"ನಿನಗ ಹೇಳಂಗಿಲ್ಲ."

"ಯಾಕರಿ?"

"ಅಕ್ಕಾರಿಗೆ ಹೇಳೇನಿ. ನಿನಗ ಹೇಳಬೇಕು ಅನ್ನಿಸಿದ ದಿನ ಹೇಳ್ತೇನಿ. ಅನ್ನಿಸಲಿಲ್ಲಂದ್ರ ಇಲ್ಲ."

ರಾಜಶ್ರೀ ತಲೆ ಆಡಿಸಿದಳು. ಅದು ಸರಿಯೆನ್ನಿಸಿತು, ಸಿಟ್ಟು ಇಳಿಯದಿದ್ದರೂ. "ನಾನೂ ಒಂದು ಹೇಳಬೇಕು," ಎಂದಳು. "ಸೋಮವಾರದಿಂದ ಇನಾಯತಣ್ಣನ ಅಂಗಡ್ಯಾಗ ಕುಂತು ಕೆಲಸಾ ಮಾಡ್ತೇನಿ. ಹತ್ತರಿಂದ ಐದು. ಮನ್ಯಾಗ ಒಲಿ ಮುಂದ ವೈರು ಹಾಕ್ಕೊಂಡು ಕುಂದ್ರೂದು ಇನ್ನ ಬ್ಯಾಡ. ಕೂಸು ಶಾಲಿಯಿಂದ ಬಂದ್ರ ಯಾರು ನೋಡಬೇಕು, ಸಂಜೀ ರೊಟ್ಟಿ ಯಾರು ತಟ್ಟಬೇಕು, ನೀವು, ನಿಮ್ಮ ಮಗ ಕೂಡಿ ಮಾತಾಡ್ಕೋರಿ."

ಕರೆವ್ವ ನಿಂತಳು. ಸೊಸೆಯ ಮುಖ ನೋಡಲಿಲ್ಲ, ಹೊಲವನ್ನು ನೋಡಿದಳು.

"ಹಾಲೇಶಗ ರೊಟ್ಟಿ ಬರಂಗಿಲ್ಲ," ಎಂದಳು.

"ಜೆಸಿಬಿ ಹೊಡ್ಯಾಕ ಹೊಟ್ಟ್ಯಾಗ ಕಲತು ಬಂದಿದ್ರೇನ್ರಿ?"

ಕರೆವ್ವನ ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ಆ ದೊಡ್ಡ ನಗು, ರಾಜಶ್ರೀ ವೈರಿನಲ್ಲಿ ಮಾತ್ರ ಕೇಳಿದ್ದು, ಬಯಲಿನಲ್ಲಿ ಮೊದಲ ಸಲ ಕೇಳಿಸಿತು. ರಾಜಶ್ರೀಗೆ ನಗು ಬರಲಿಲ್ಲ. ಆದರೂ ಅತ್ತೆ ನಕ್ಕು ಮುಗಿಸುವ ತನಕ ನಿಂತಳು. ಆಮೇಲೆ ಇಬ್ಬರೂ ನಡೆದರು, ಒಬ್ಬರ ಹಿಂದೆ ಒಬ್ಬರು. ದಾರಿ ಅಷ್ಟೇ ಅಗಲವಿತ್ತು.